ಕಾಲುವೆಗೆ ನೀರು ಬರದ ವರ್ಷ, ಶೇ. 70 ಅಂದರೆ ಎಷ್ಟು?

ಇವತ್ತು ಸೇಲ್ಸ್ ತಂಡ ನಡೆಸುವ ನಿಮ್ಮೆಲ್ಲರ ಕೈಯಲ್ಲೂ ಒಂದೊಂದು ಅಪ್ರೈಸಲ್ ಫಾರ್ಮ್ ಇದೆ ಅಂದುಕೊಳ್ಳಿ. ಮೇಲಿನ ಸಾಲಿನಲ್ಲಿ ಮೂರು ಅಂಕಿ. ಟಾರ್ಗೆಟ್ 4 ಕೋಟಿ 80 ಲಕ್ಷ, ಸಾಧನೆ 3 ಕೋಟಿ 38 ಲಕ್ಷ, ಶೇಕಡಾ 70. ಹುಡುಗ ಸಿಂಧನೂರು–ಮಾನ್ವಿ ಟೆರಿಟರಿಯ ಸೇಲ್ಸ್ ಆಫೀಸರ್. ಮಾರುವುದು ಬೆಳೆಗೆ ಹೊಡೆಯುವ ಔಷಧಿ. ಆ ಕಡೆ ಅದನ್ನು ಔಷಧಿ ಅನ್ನುವವರಿಗಿಂತ ‘ಎಣ್ಣಿ’ ಅನ್ನುವವರೇ ಹೆಚ್ಚು. ವರ್ಷ 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ.

ಅದೇ ಫೈಲಿನಲ್ಲಿ ಇನ್ನೊಂದು ಫಾರ್ಮ್. ಗಂಗಾವತಿ ಕಡೆಯ ಆಫೀಸರ್. ಟಾರ್ಗೆಟ್ 5 ಕೋಟಿ, ಸಾಧನೆ 4 ಕೋಟಿ 80 ಲಕ್ಷ, ಶೇಕಡಾ 96. ಯಾರಿಗೆ ಒಳ್ಳೆಯ ರೇಟಿಂಗ್ ಕೊಡುತ್ತೀರಿ? ಎರಡು ನಿಮಿಷದಲ್ಲಿ ಕೊಟ್ಟುಬಿಡಬಹುದು. ನಮ್ಮಲ್ಲಿ ಎಷ್ಟೋ ಜನ ಹಾಗೇ ಕೊಟ್ಟಿದ್ದೇವೆ, ನಾನೂ ಕೊಟ್ಟಿದ್ದೇನೆ. ಇವತ್ತು ಈ ಎರಡು ಫಾರ್ಮುಗಳನ್ನು ನಿಧಾನವಾಗಿ ಬಿಚ್ಚಿ ನೋಡೋಣ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ, ಊರುಗಳನ್ನೂ ನಾನೇ ಆರಿಸಿಕೊಂಡಿದ್ದೇನೆ. ಆದರೆ ಇಂಥ ಫಾರ್ಮುಗಳು ನಿಮ್ಮ ಮೇಜಿಗೆ ಬಂದೇ ಬಂದಿರುತ್ತವೆ.

ಮೊದಲು ಆ ವರ್ಷವನ್ನು ನೆನಪು ಮಾಡಿಕೊಳ್ಳಿ. 2023ರ ಆಗಸ್ಟ್ ತಿಂಗಳಲ್ಲಿ ದೇಶದಲ್ಲಿ ಬಿದ್ದ ಮಳೆ 1901ರಿಂದ ಈಚಿನ ಆಗಸ್ಟ್‌ಗಳಲ್ಲೇ ಅತಿ ಕಡಿಮೆ. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಮೊದಲು 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಆಮೇಲೆ ಪಟ್ಟಿ ಬೆಳೆಯುತ್ತಾ ಹೋಗಿ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ತುಂಗಭದ್ರಾ ಜಲಾಶಯ ತುಂಬಲಿಲ್ಲ. ಗಂಗಾವತಿ, ಸಿಂಧನೂರು, ಮಾನ್ವಿಗೆ ನೀರು ತರುವ ಅದರ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಭತ್ತದ ಎರಡನೇ ಬೆಳೆಗೆ ನೀರು ಸಿಗಲಿಲ್ಲ.

ಭತ್ತದ ನಾಡಿನಲ್ಲಿ ನಮ್ಮ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ವರ್ಷದ ವ್ಯಾಪಾರಕ್ಕೆ ಎರಡು ಕಾಲು, ಮುಂಗಾರು ಭತ್ತ ಒಂದು, ಬೇಸಿಗೆ ಭತ್ತ ಇನ್ನೊಂದು. ನಾಟಿಯಾದ ಹೊಸದರಲ್ಲಿ ಕಳೆನಾಶಕ, ಆಮೇಲೆ ಕಾಂಡಕೊರಕಕ್ಕೆ ಹರಳು, ಮುಂದೆ ಬೆಂಕಿರೋಗಕ್ಕೆ, ಕಂದು ಜಿಗಿಹುಳುವಿಗೆ ಅಂತ ಸಾಲಾಗಿ ಸಿಂಪಡಣೆ. ಗದ್ದೆಗೆ ನೀರು ಬಂದರೆ ಇವೆಲ್ಲ ಒಂದರ ಹಿಂದೆ ಒಂದು ತಾವಾಗಿಯೇ ಬರುತ್ತವೆ. ನೀರು ಬರಲಿಲ್ಲ ಅಂದರೆ ಎರಡನೇ ಕಾಲು ಪೂರ್ತಿ ಹೋದ ಹಾಗೆ. ಎಂಥ ಮಾತುಗಾರ ಸೇಲ್ಸ್‌ಮನ್ ಆದರೂ ನಾಟಿಯಾಗದ ಗದ್ದೆಗೆ ಎಣ್ಣೆ ಹೊಡೆಸಲಾರ.

ಇಷ್ಟು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ಹೌದು ಸರ್, ಬರ ಇತ್ತು, ಹುಡುಗನ ತಪ್ಪಲ್ಲ’ ಅಂತಾರೆ. ಆದರೆ ಅಲ್ಲಿಗೇ ನಿಂತರೆ ಅದು ಅನುಕಂಪ, ಮೌಲ್ಯಮಾಪನ ಅಲ್ಲ. ಆ ಒಂದು ಮಾತಿನ ಮರೆಯಲ್ಲಿ ಚೆನ್ನಾಗಿ ದುಡಿದವನೂ ನಿಲ್ಲಬಹುದು, ಮನೆಯಲ್ಲಿ ಮಲಗಿದವನೂ ನಿಲ್ಲಬಹುದು. ಆ 1 ಕೋಟಿ 42 ಲಕ್ಷದ ಕೊರತೆಯಲ್ಲಿ ಬರದ ಪಾಲೆಷ್ಟು, ಹುಡುಗನ ಪಾಲೆಷ್ಟು? ಇದನ್ನು ಬೇರೆ ಮಾಡುವುದೇ ನಮ್ಮ ಕೆಲಸ.

ಬೇರೆ ಮಾಡುವ ಲೆಕ್ಕ ಕಷ್ಟದ್ದಲ್ಲ. 4 ಕೋಟಿ 80 ಲಕ್ಷದ ಟಾರ್ಗೆಟ್ ಹಾಕಿದಾಗ ನಿಮ್ಮ ತಲೆಯಲ್ಲಿ ಏನಿತ್ತು? ಆ ಟೆರಿಟರಿಯಲ್ಲಿ ಎಲ್ಲ ಕಂಪನಿಗಳೂ ಸೇರಿ 40 ಕೋಟಿಯ ವ್ಯಾಪಾರ ಆಗುತ್ತದೆ, ಅದರಲ್ಲಿ ನಮ್ಮ ಪಾಲು ನೂರಕ್ಕೆ 12 ಅಂತ. 40 ಕೋಟಿಗೆ ಶೇಕಡಾ 12 ಅಂದರೆ 4 ಕೋಟಿ 80 ಲಕ್ಷ. ಟಾರ್ಗೆಟ್ ಅನ್ನುವುದು ಒಂದು ಅಂಕಿಯಲ್ಲ, ಎರಡು ಊಹೆಗಳು ಸೇರಿ ಆದದ್ದು. ಮಾರುಕಟ್ಟೆ ಎಷ್ಟು ದೊಡ್ಡದು ಅನ್ನುವುದು ಒಂದು ಊಹೆ, ಅದರಲ್ಲಿ ನಮ್ಮ ಪಾಲು ಎಷ್ಟು ಅನ್ನುವುದು ಇನ್ನೊಂದು. ಮೊದಲನೆಯದು ಮಳೆಯ ಕೈಯಲ್ಲಿದೆ, ಎರಡನೆಯದು ಬಹುಮಟ್ಟಿಗೆ ಹುಡುಗನ ಕೈಯಲ್ಲಿದೆ.

ವರ್ಷ ಮುಗಿದಾಗ ಆ ಮಾರುಕಟ್ಟೆ 40 ಅಲ್ಲ, 26 ಕೋಟಿ ಆಗಿತ್ತು ಅಂತಿಟ್ಟುಕೊಳ್ಳಿ. ನಮ್ಮ ಹುಡುಗ 3 ಕೋಟಿ 38 ಲಕ್ಷ ಮಾರಿದ್ದಾನೆ, ಅಂದರೆ ನೂರಕ್ಕೆ 13. ಮಾರುಕಟ್ಟೆ 14 ಕೋಟಿ ಕುಗ್ಗಿತು. ಅದಕ್ಕೆ ಶೇಕಡಾ 12 ಹಾಕಿದರೆ 1 ಕೋಟಿ 68 ಲಕ್ಷ, ಅದು ಬರದ ಲೆಕ್ಕಕ್ಕೆ. ಉಳಿದ 26 ಕೋಟಿಯಲ್ಲಿ ಅವನು ಒಂದು ಶೇಕಡಾ ಪಾಲು ಹೆಚ್ಚಿಗೆ ಗಳಿಸಿದ, ಅದು 26 ಲಕ್ಷ, ಅವನ ಲೆಕ್ಕಕ್ಕೆ. 1 ಕೋಟಿ 68 ಲಕ್ಷದಲ್ಲಿ 26 ಲಕ್ಷ ಕಳೆಯಿರಿ, 1 ಕೋಟಿ 42 ಲಕ್ಷ. ಫಾರ್ಮಿನ ಮೇಲಿದ್ದ ಕೊರತೆ ಸರಿಯಾಗಿ ಅಷ್ಟೇ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, 26 ಕೋಟಿಯ ಮಾರುಕಟ್ಟೆಯಲ್ಲಿ ಅವನಿಂದ ನಾವು ಕೇಳಬಹುದಾಗಿದ್ದು 3 ಕೋಟಿ 12 ಲಕ್ಷ. ಅವನು ಅದಕ್ಕಿಂತ ನೂರಕ್ಕೆ ಎಂಟು ಹೆಚ್ಚು ತಂದಿದ್ದಾನೆ. ಶೇಕಡಾ 70ರ ಮನುಷ್ಯ 108ರ ಮನುಷ್ಯನಾದ.

ಇಷ್ಟು ಹೊತ್ತಿಗೆ ನಿಮ್ಮಲ್ಲಿ ಕೆಲವರಿಗೆ ಅನುಮಾನ ಬಂದಿರಬೇಕು. ಈ 26 ಕೋಟಿ ಎಲ್ಲಿಂದ ಬಂತು? ಅದನ್ನು ಯಾರು ಅಳೆದರು? ಈ ಪ್ರಶ್ನೆಯೇ ಎಲ್ಲದರ ಬುಡ. ಹುಡುಗನನ್ನೇ ಕೇಳಿದರೆ 22 ಅನ್ನುತ್ತಾನೆ. ಮೇಲಿನ ರೀಜನಲ್ ಮ್ಯಾನೇಜರ್ ಅವರನ್ನು ಕೇಳಿದರೆ 35 ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ, ಇಬ್ಬರಿಗೂ ಆ ಅಂಕಿಯ ಮೇಲೆ ಆಸೆಯಿದೆ. ಅದಕ್ಕೇ ಇದನ್ನು ನೀವೇ ಕಂಡುಕೊಳ್ಳಬೇಕು, ಎರಡು ಬೇರೆ ಬೇರೆ ದಾರಿಗಳಿಂದ.

ಒಂದು ದಾರಿ ಎಕರೆ ಲೆಕ್ಕ. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಹೋಬಳಿವಾರು ಬಿತ್ತನೆ ಎಷ್ಟಾಗಿದೆ ಅಂತ ಕೇಳಿ, ಯಾವ ಬೆಳೆ, ಎಷ್ಟು ಎಕರೆ ಅಂತ ಬರೆದುಕೊಳ್ಳಿ. ಒಂದೊಂದು ಬೆಳೆಗೆ ರೈತ ಆ ವರ್ಷ ಎಷ್ಟು ಸಲ ಹೊಡೆದ, ಎಕರೆಗೆ ಎಷ್ಟು ಖರ್ಚು ಮಾಡಿದ ಅನ್ನುವುದನ್ನು ಒಂದಿಪ್ಪತ್ತು ರೈತರನ್ನು ಕೇಳಿದರೆ ಗೊತ್ತಾಗುತ್ತದೆ. ಹಳೆಯ ವರ್ಷದ ಖರ್ಚನ್ನೇ ಹಾಕಿಬಿಡಬೇಡಿ. ಬರದ ವರ್ಷ ರೈತ ಎಕರೆ ಮಾತ್ರ ಕಡಿಮೆ ಮಾಡುವುದಿಲ್ಲ, ಇದ್ದ ಎಕರೆಗೂ ಒಂದು ಸಿಂಪಡಣೆ ಬಿಡುತ್ತಾನೆ, ದುಬಾರಿ ಡಬ್ಬಿಯ ಬದಲು ಅಗ್ಗದ್ದು ಕೇಳುತ್ತಾನೆ. ಅದರ ಮೇಲೆ 2023ರಲ್ಲಿ ಇನ್ನೊಂದು ಆಯಿತು. ಚೀನಾದ ಮಾಲು ವಿಪರೀತ ಬಂದು ಜಗತ್ತಿನಾದ್ಯಂತ ಜೆನೆರಿಕ್ ಕೃಷಿ ರಾಸಾಯನಿಕಗಳ ಬೆಲೆ ಬಿದ್ದುಹೋಯಿತು. ಅದೇ ಲೀಟರ್ ಮಾರಿದರೂ ರೂಪಾಯಿ ಕಡಿಮೆ ಬಂತು. ಅದಕ್ಕೇ ರೂಪಾಯಿಯ ಪಕ್ಕದಲ್ಲಿ ಲೀಟರ್ ಮತ್ತು ಕಿಲೋ ಲೆಕ್ಕವನ್ನೂ ಇಟ್ಟುಕೊಂಡು ನೋಡಿ ಅಂತ ಹೇಳುತ್ತೇನೆ. ಲೀಟರ್ ಇಳಿಯದೆ ರೂಪಾಯಿ ಮಾತ್ರ ಇಳಿದಿದ್ದರೆ ಅದು ಬೆಲೆಯ ಕತೆ, ಹುಡುಗನದ್ದಲ್ಲ.

ಎರಡನೇ ದಾರಿ ಅಂಗಡಿ. ಟೆರಿಟರಿಯಲ್ಲಿ ಹತ್ತು ಡೀಲರ್‌ಗಳನ್ನು ಆರಿಸಿಕೊಳ್ಳಿ. ನಮಗೆ ಬೇಕಾದವರನ್ನೇ ಅಲ್ಲ, ನಮ್ಮ ಮಾಲು ಕಡಿಮೆ ಇಡುವ ಮೂರು ನಾಲ್ಕು ಜನರೂ ಇರಲಿ. ಸಂಜೆ ಗಿರಾಕಿ ಕಡಿಮೆಯಾದ ಮೇಲೆ ಹೋಗಿ ಕೂತು, ಎಲ್ಲ ಕಂಪನಿಯದೂ ಸೇರಿ ಹೋದ ವರ್ಷ ಎಷ್ಟು ಖರೀದಿ, ಈ ವರ್ಷ ಎಷ್ಟು ಅಂತ ಕೇಳಿ. ಔಷಧಿ ಮಾರುವ ಲೈಸೆನ್ಸ್ ಇರುವವರು ಸ್ಟಾಕ್ ರಿಜಿಸ್ಟರ್ ಇಡಲೇಬೇಕು, ಆದ್ದರಿಂದ ಅಂಕಿ ಅವರ ಹತ್ತಿರ ಇರುತ್ತದೆ. ಪೂರ್ತಿ ಪುಸ್ತಕ ತೋರಿಸದಿದ್ದರೂ ‘ನೂರು ಇದ್ದದ್ದು ಅರವತ್ತೈದಕ್ಕೆ ಬಂದೈತ್ರಿ’ ಅನ್ನುವಷ್ಟು ಹೇಳುತ್ತಾರೆ. ನಮಗೆ ಅಷ್ಟು ಸಾಕು.

ಎರಡೂ ದಾರಿಗಳು ಒಂದೇ ಅಂಕಿಗೆ ಬರುವುದಿಲ್ಲ. ಎಕರೆ ಲೆಕ್ಕ 25 ಕೋಟಿ ಅಂದರೆ ಅಂಗಡಿ ಲೆಕ್ಕ 29 ಅನ್ನಬಹುದು. ಆಗ ನಡುವಿನದನ್ನು ಹಿಡಿದು ಖಚಿತ ಅನ್ನಬೇಡಿ, ಎರಡೂ ತುದಿಗಳಲ್ಲಿ ಲೆಕ್ಕ ಹಾಕಿ. ಮಾರುಕಟ್ಟೆ 25 ಆಗಿದ್ದರೆ ನಾವು ಕೇಳಬಹುದಾಗಿದ್ದು 3 ಕೋಟಿ, ಹುಡುಗ ಅದಕ್ಕಿಂತ ಬಹಳ ಮುಂದೆ. 29 ಆಗಿದ್ದರೆ 3 ಕೋಟಿ 48 ಲಕ್ಷ, ಹುಡುಗ ಶೇಕಡಾ 97ರ ಹತ್ತಿರ. ಹಾಗಾದರೆ ಪ್ರಾಮಾಣಿಕವಾಗಿ ಏನು ಹೇಳಬಹುದು? ‘ಅವನು ಪಾಲು ಹೆಚ್ಚಿಸಿದ’ ಅಂತ ಎದೆ ತಟ್ಟಿ ಹೇಳಲಿಕ್ಕೆ ಆಗುವುದಿಲ್ಲ. ‘ಅವನು ಪಾಲನ್ನು ಹೆಚ್ಚುಕಡಿಮೆ ಉಳಿಸಿಕೊಂಡ, ಬಹುಶಃ ಸ್ವಲ್ಪ ಹೆಚ್ಚಿಸಿದ’ ಅನ್ನಬಹುದು. ಆದರೆ ಯಾವ ತುದಿಯನ್ನು ಹಿಡಿದರೂ ಅವನು ಶೇಕಡಾ 70ರ ಮನುಷ್ಯ ಅಲ್ಲ. ಈ ಎಚ್ಚರದಿಂದ ಹೇಳಿದ ಮಾತನ್ನು ಮೇಲಿನವರು ಅಲ್ಲಗಳೆಯುವುದು ಬಹಳ ಕಷ್ಟ.

ಇನ್ನು ಗಂಗಾವತಿಯ ಫಾರ್ಮ್. ‘ಒಂದೇ ಡ್ಯಾಮಿನ ನೀರು, ಒಂದೇ ಬರ. ಇವನಿಗೆ 96 ಬಂತು, ಅವನಿಗೆ ಯಾಕೆ ಬರಲಿಲ್ಲ?’ ಇದು ರಿವ್ಯೂ ಮೀಟಿಂಗಿನಲ್ಲಿ ಬಂದೇ ಬರುವ ಪ್ರಶ್ನೆ. ನಕ್ಷೆ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಎಡದಂಡೆ ಕಾಲುವೆಯ ನೀರು ಮೊದಲು ಗಂಗಾವತಿ, ಕಾರಟಗಿ ಕಡೆಗೆ ಬಂದು, ಆಮೇಲೆ ಸಿಂಧನೂರು ದಾಟಿ, ಕೊನೆಗೆ ಮಾನ್ವಿ, ರಾಯಚೂರು ಕಡೆಗೆ ಹೋಗುತ್ತದೆ. ನೀರು ಸಾಕಷ್ಟಿದ್ದ ವರ್ಷದಲ್ಲೂ ಕೊನೆ ಭಾಗದ ರೈತರು ನೀರಿಗಾಗಿ ಧರಣಿ ಕೂರುವುದನ್ನು ನೀವು ಪತ್ರಿಕೆಯಲ್ಲಿ ಓದಿದ್ದೀರಿ. ನೀರು ಕಡಿಮೆಯಾದ ವರ್ಷ ಆ ಕೊರತೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ, ಕಾಲುವೆಯ ತುದಿಗೆ ಹೋದಷ್ಟೂ ಹೆಚ್ಚುತ್ತದೆ. ಇಬ್ಬರು ಆಫೀಸರುಗಳನ್ನು ಪಕ್ಕಪಕ್ಕ ನಿಲ್ಲಿಸುವುದಾದರೆ ಡ್ಯಾಂ ಒಂದೇ, ಬೆಳೆ ಒಂದೇ ಅಂತ ನೋಡಬೇಡಿ, ಕಾಲುವೆಯ ಎಷ್ಟನೇ ಮೈಲಿ ಅಂತ ನೋಡಿ.

ಉತ್ತರದ ಇನ್ನರ್ಧ ಗೋಡೌನಿನಲ್ಲಿದೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ನಮ್ಮ ವ್ಯಾಪಾರದಲ್ಲಿ ಅಂಕಿ ಮೋಸ ಮಾಡುವುದು ಇಲ್ಲಿಯೇ.

ಕಂಪನಿಯಿಂದ ಡಿಸ್ಟ್ರಿಬ್ಯೂಟರ್‌ಗೆ ಬಿಲ್ ಆದ ಕೂಡಲೇ ಅದು ನಮ್ಮ ಪುಸ್ತಕದಲ್ಲಿ ‘ಸೇಲ್’. ಆದರೆ ನಿಜವಾದ ಮಾರಾಟ ಆಗುವುದು ರೈತ ಡಬ್ಬಿ ಒಯ್ದಾಗ. ನಾವು ಅದನ್ನು ಲಿಕ್ವಿಡೇಶನ್ ಅನ್ನುತ್ತೇವೆ. ಇವೆರಡರ ನಡುವೆ ಕೆಲವು ಸಲ ಆರು ತಿಂಗಳು. ಆ ಆರು ತಿಂಗಳ ಅಂತರದಲ್ಲಿ ಅಪ್ರೈಸಲ್ ಬಂದು ಹೋಗಿರುತ್ತದೆ.

ಒಂದು ಬರದ ವರ್ಷದ ಏಪ್ರಿಲ್‌ನಲ್ಲಿ ನಾನು ಒಬ್ಬ ಡೀಲರ್ ಅಂಗಡಿಗೆ ಹೋಗಿದ್ದೆ. ಮುಂದೆ ಅಂಗಡಿ, ಹಿಂದೆ ತಗಡಿನ ಗೋಡೌನ್. ಒಳಗೆ ಎದೆಯೆತ್ತರಕ್ಕೆ ಪೆಟ್ಟಿಗೆಗಳು, ಮೇಲೆ ಧೂಳು, ಪಟ್ಟಿ ಕೂಡ ಬಿಚ್ಚಿಲ್ಲ. ಒಂದು ಪೆಟ್ಟಿಗೆ ತಿರುಗಿಸಿ ತಯಾರಿಕೆಯ ತಿಂಗಳು, ಬಿಲ್ ತಾರೀಕು ನೋಡಿದೆ. ಮಾರ್ಚ್ 28. ಡೀಲರ್ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಸಾಹೇಬ್ರ, ನಾ ಬ್ಯಾಡ ಅಂದ್ನಿರಿ. ‘ಬರೇ ಇಟ್ಕೋರಿ ಯಜಮಾನ್ರ, ಜೂನ್‌ನಾಗ ವಾಪಸ್ ತಗೋತೀವಿ’ ಅಂತ ಇಳಿಸಿ ಹೋದ್ರು. ಎಣ್ಣಿ ಹೊಡಿಯಾಕ ಬೆಳಿ ಎಲ್ಲಿ ಐತ್ರಿ?”

ಗಂಗಾವತಿಯ ಫಾರ್ಮ್ ಹಿಂದೆಯೂ ಇಂಥದ್ದೇ ಗೋಡೌನ್ ಇದೆ ಅಂತಿಟ್ಟುಕೊಳ್ಳಿ. 4 ಕೋಟಿ 80 ಲಕ್ಷದಲ್ಲಿ 1 ಕೋಟಿ 30 ಲಕ್ಷ ಮಾರ್ಚ್ ತಿಂಗಳೊಂದರ ಬಿಲ್. ಎರಡನೇ ಬೆಳೆಗೆ ಕಾಲುವೆ ನೀರು ಸಿಗದ ವರ್ಷದಲ್ಲಿ ಮಾರ್ಚ್‌ನಲ್ಲಿ ಅಷ್ಟು ಮಾಲು ಯಾರಿಗೆ? ಜೂನ್‌ನಲ್ಲಿ 70 ಲಕ್ಷದ ಮಾಲು ವಾಪಸ್ ಬಂತು. ನಿಜವಾಗಿ ಮಾರಿದ್ದು 4 ಕೋಟಿ 10 ಲಕ್ಷ. ಅಲ್ಲಿ ನಾವು ಊಹಿಸಿದ್ದ ಮಾರುಕಟ್ಟೆ 50 ಕೋಟಿ, ಪಾಲು ಶೇಕಡಾ 10. ಕಾಲುವೆಯ ತಲೆಭಾಗವಾದ್ದರಿಂದ ಮುಂಗಾರು ಭತ್ತ ಚೆನ್ನಾಗಿಯೇ ಬಂತು, ಮಾರುಕಟ್ಟೆ 45 ಕೋಟಿಗೆ ಮಾತ್ರ ಇಳಿಯಿತು ಅಂತಿಟ್ಟುಕೊಳ್ಳಿ. ಹಾಗಾಗಿ ಕೇಳಬಹುದಾಗಿದ್ದು 4 ಕೋಟಿ 50 ಲಕ್ಷ, ಬಂದದ್ದು ಅದರ ಶೇಕಡಾ 91. ಇವನು ಪಾಲು ಕಳೆದುಕೊಂಡಿದ್ದಾನೆ. ಫಾರ್ಮ್ ಮೇಲಿನ 96 ಮತ್ತು 70 ಎರಡೂ ತಲೆಕೆಳಗಾಗಿವೆ.

ತೊಂದರೆ ಏನೆಂದರೆ ಏಪ್ರಿಲ್‌ನಲ್ಲಿ ಅಪ್ರೈಸಲ್ ಮಾಡುವಾಗ ಜೂನಿನ ರಿಟರ್ನ್ ಕಾಣುವುದಿಲ್ಲ. ಅದಕ್ಕೆ ಮಾರ್ಚ್ ಬಿಲ್ ವರ್ಷದ ಒಟ್ಟು ಬಿಲ್‌ನಲ್ಲಿ ಎಷ್ಟು ಪಾಲು, ಹಿಂದಿನ ಮೂರು ವರ್ಷ ಎಷ್ಟಿತ್ತು ಅಂತ ಮೊದಲು ನೋಡಿ. ಆಮೇಲೆ ದೊಡ್ಡ ಐದು ಡೀಲರ್‌ಗಳ ಗೋಡೌನಿಗೆ ನೀವೇ ಹೋಗಿ ಪೆಟ್ಟಿಗೆ ಎಣಿಸಿ. ಆಫೀಸಿನಿಂದ ಫೋನ್ ಮಾಡಿ ಕೇಳಿದರೆ ‘ಎಲ್ಲಾ ಹೋಗೈತ್ರಿ’ ಅಂತಲೇ ಉತ್ತರ ಬರುತ್ತದೆ, ಏಕೆಂದರೆ ಡೀಲರ್‌ಗೂ ನಿಮ್ಮ ಆಫೀಸರ್ ಜೊತೆ ದಿನಬೆಳಗಾದರೆ ಕೆಲಸ ಇದೆ, ಅವರನ್ನು ಕಷ್ಟಕ್ಕೆ ಸಿಲುಕಿಸಲು ಮನಸ್ಸು ಬರುವುದಿಲ್ಲ.

ಇಲ್ಲಿಂದ ಸಿಂಧನೂರಿನ ಹುಡುಗನ ಬಗ್ಗೆ ಇನ್ನೊಂದು ಸಂಗತಿ ಹೊರಬರುತ್ತದೆ. ಆ ಮಾರ್ಚ್‌ನಲ್ಲಿ ಅವನ ಮೇಲೂ ಒತ್ತಡ ಇತ್ತು. ಅವನು ಒತ್ತಿ ಇಳಿಸಿದ್ದರೆ ಇನ್ನೂ 60 ಲಕ್ಷ ಬಿಲ್ ಮಾಡಬಹುದಿತ್ತು, ಫಾರ್ಮ್ ಮೇಲೆ 83 ಕಾಣುತ್ತಿತ್ತು. ಅವನು ಮಾಡಲಿಲ್ಲ. ಅಂದರೆ ಕೊರತೆಯ ಒಂದು ಭಾಗ ಬರದ್ದೂ ಅಲ್ಲ, ಸೋಮಾರಿತನದ್ದೂ ಅಲ್ಲ, ಅವನ ವಿವೇಕದ್ದು. ಬರದ ವರ್ಷದಲ್ಲಿ ರೈತ ಡೀಲರ್‌ಗೆ ಬಾಕಿ ಉಳಿಸುತ್ತಾನೆ, ಡೀಲರ್ ಡಿಸ್ಟ್ರಿಬ್ಯೂಟರ್‌ಗೆ, ಡಿಸ್ಟ್ರಿಬ್ಯೂಟರ್ ನಮಗೆ. ಆಗ ಇಳಿಸಿದ ಒಂದೊಂದು ಪೆಟ್ಟಿಗೆಯೂ ಮುಂದಿನ ವರ್ಷದ ಜಗಳ. ಹಾಗಾಗಿ ಮಾರಾಟದ ಸಾಲಿನ ಕೆಳಗೇ ಕಲೆಕ್ಷನ್ ಸಾಲನ್ನು ಓದಿ. ಮಾರ್ಚ್ 31ಕ್ಕೆ ಬಾಕಿ ಎಷ್ಟು, ಅದರಲ್ಲಿ 180 ದಿನ ದಾಟಿದ್ದು ಎಷ್ಟು? ಬರದಲ್ಲೂ ಹಳೇ ಬಾಕಿ ಬೆಳೆಯಲು ಬಿಡದವನು ಬಹಳ ದೊಡ್ಡ ಕೆಲಸ ಮಾಡಿದ್ದಾನೆ. ಆ ಕೆಲಸಕ್ಕೆ ನಮ್ಮ ಹೆಚ್ಚಿನ ಫಾರ್ಮುಗಳಲ್ಲಿ ಒಂದು ಚಿಕ್ಕ ಚೌಕ ಮಾತ್ರ ಇದೆ ಅನ್ನುವುದು ನನಗೆ ಬೇಸರದ ವಿಷಯ.

ಇಲ್ಲಿಯವರೆಗೆ ಕೇಳಿದರೆ ಹುಡುಗನ ಪರ ವಕಾಲತ್ತು ಮಾಡುತ್ತಿದ್ದೇನೆ ಅನ್ನಿಸಬಹುದು. ಅವನ ಕೈಯಲ್ಲಿ ಇದ್ದದ್ದನ್ನೂ ನೋಡಬೇಕು. ಮಳೆ ಅವನ ಕೈಯಲ್ಲಿರಲಿಲ್ಲ, ಸರಿ. ಮಳೆ ಬರುವುದಿಲ್ಲ ಅಂತ ಗೊತ್ತಾದ ಮೇಲೆ ಏನು ಮಾಡಿದ ಅನ್ನುವುದು ಪೂರ್ತಿ ಅವನ ಕೈಯಲ್ಲಿತ್ತು.

ಮೊದಲು ತಾರೀಕು ನೋಡಿ. ಕೆಟ್ಟ ಸುದ್ದಿಯನ್ನು ಅವನು ಯಾವಾಗ ಹೇಳಿದ? ಜಲಾಶಯದ ಒಳಹರಿವು ಪ್ರತಿದಿನ ಪತ್ರಿಕೆಯಲ್ಲಿ ಬರುತ್ತದೆ. ಆಗಸ್ಟ್ ಕೊನೆಯ ಹೊತ್ತಿಗೆ ಪರಿಸ್ಥಿತಿ ಅಲ್ಲಿನವರಿಗೆಲ್ಲ ಗೊತ್ತಾಗಿತ್ತು. ಆಗಲೇ ‘ಸರ್, ಬೇಸಿಗೆ ಭತ್ತದ ಮಾಲಿನ ಇಂಡೆಂಟ್ ಕಡಿಮೆ ಮಾಡೋಣ’ ಅಂತ ಮೇಲ್ ಹಾಕಿದವನೂ, ಫೆಬ್ರವರಿಯಲ್ಲಿ ‘ನೀರು ಬರಲಿಲ್ಲ ಸರ್’ ಅಂದವನೂ ಒಂದೇ ಅಲ್ಲ. ಮೊದಲನೆಯವನು ಕಂಪನಿಗೆ ಆರು ತಿಂಗಳು ಉಳಿಸಿಕೊಟ್ಟ. ನಮ್ಮ ಹುಡುಗನ ಮೇಲ್ ಸೆಪ್ಟೆಂಬರ್ ಮೊದಲ ವಾರದ್ದು. ಒಳ್ಳೆಯದು.

ಆಮೇಲೆ ಬೆಳೆ. ಗದ್ದೆಗೆ ನೀರು ಬರಲಿಲ್ಲ ಅಂತ ರೈತ ಭೂಮಿಯನ್ನು ಹಾಗೇ ಬಿಡುವುದಿಲ್ಲ. ಕಪ್ಪು ಭೂಮಿ ಇದ್ದವನು ಇದ್ದ ಹಸಿಯ ಮೇಲೆ ಕಡಲೆ, ಜೋಳ ಹಾಕುತ್ತಾನೆ. ಕಡಲೆ ಬಿತ್ತುವುದು ಅಕ್ಟೋಬರ್, ನವೆಂಬರ್. ಹೂವು ಕಟ್ಟಿ ಕಾಯಿ ಆಗುವ ಹೊತ್ತಿಗೆ ಕಾಯಿಕೊರಕ ಬರುತ್ತದೆ, ಆಗ ಒಂದೋ ಎರಡೋ ಸಿಂಪಡಣೆ. ಭತ್ತದ ಮುಂದೆ ಅದು ಸಣ್ಣ ವ್ಯಾಪಾರ, ಆದರೆ ಆ ವರ್ಷ ಉಳಿದಿದ್ದೇ ಅದು. ಇಲ್ಲಿ ಹುಡುಗ ತಡ ಮಾಡಿದ. ಕಾಯಿಕೊರಕದ ಔಷಧಿ ಡೀಲರ್‌ಗಳ ಅಂಗಡಿಗೆ ತಲುಪಿದ್ದು ಬೇರೆ ಎರಡು ಕಂಪನಿಗಳ ಮಾಲು ಬಂದ ಮೂರು ವಾರಕ್ಕೆ. ರೈತರ ಸಭೆಗಳ ಪಟ್ಟಿ ನೋಡಿದರೆ ಅಕ್ಟೋಬರ್ ಪೂರ್ತಿ ಅವನು ಭತ್ತದ ಊರುಗಳಲ್ಲೇ ಸುತ್ತಿದ್ದಾನೆ, ಕಡಲೆ ಹಾಕಿದ ಊರುಗಳಿಗೆ ಹೋಗಿದ್ದು ಡಿಸೆಂಬರ್‌ನಲ್ಲಿ. ನೀರು ಬರುವುದಿಲ್ಲ ಅಂತ ಸೆಪ್ಟೆಂಬರ್‌ನಲ್ಲಿ ತಾನೇ ಬರೆದವನು ತನ್ನ ತಿರುಗಾಟವನ್ನು ಬದಲಿಸಲಿಲ್ಲ. ಇದು ಬರದ ತಪ್ಪಲ್ಲ, ಅವನದ್ದೇ. ಇದನ್ನು ಫಾರ್ಮಿನಲ್ಲಿ ಬರೆಯಲೇಬೇಕು. ಬರೆಯದಿದ್ದರೆ ನಿಮ್ಮ ಉಳಿದ ಮಾತುಗಳಿಗೂ ಬೆಲೆ ಇರುವುದಿಲ್ಲ.

ಈ ಲೆಕ್ಕ ಕೆಟ್ಟ ವರ್ಷಕ್ಕೆ ಮಾತ್ರ ಅಂತ ಯಾರೂ ತಿಳಿಯಬಾರದು. 2021–22ರಲ್ಲಿ ಮೆಣಸಿನಕಾಯಿಗೆ ಹೊಸ ಜಾತಿಯ ಥ್ರಿಪ್ಸ್ ನುಸಿ ದಕ್ಷಿಣ ಭಾರತದಲ್ಲಿ ಹಬ್ಬಿತು. ಹೂವಿನೊಳಗೇ ಕೂತು ಹೂವು ಉದುರಿಸುವ ಕಪ್ಪು ನುಸಿ. ರೈತರು ಕಂಗಾಲಾಗಿ ಸಿಕ್ಕಿದ್ದನ್ನೆಲ್ಲ ಹೊಡೆದರು. ಮೆಣಸಿನಕಾಯಿ ಹೆಚ್ಚಿರುವ ಟೆರಿಟರಿಗಳಲ್ಲಿ ಮಾಲು ಇಟ್ಟವರ ಅಂಗಡಿ ಖಾಲಿಯಾಯಿತು. ಅಂಥ ವರ್ಷದಲ್ಲಿ ಶೇಕಡಾ 130 ಮಾಡಿದವರಿಗೆ ನಾವು ಸ್ಟೇಜ್ ಮೇಲೆ ಕರೆದು ಹಾರ ಹಾಕುತ್ತೇವೆ, ಪ್ರಮೋಷನ್ ಕೊಡುತ್ತೇವೆ. ಆಗ ಯಾರಾದರೂ ಮಾರುಕಟ್ಟೆ ಎಷ್ಟು ಬೆಳೆಯಿತು ಅಂತ ಕೇಳುತ್ತೇವಾ? ನುಸಿ ಬಂದಾಗ ಕೇಳದವರು ಬರ ಬಂದಾಗ ‘ಮಾರುಕಟ್ಟೆಯನ್ನು ಲೆಕ್ಕಕ್ಕೆ ತಗೊಳ್ಳಿ’ ಅಂದರೆ ಮೇಲಿನವರು ನಂಬುವುದಿಲ್ಲ, ನಂಬಲೂಬಾರದು. ಎರಡೂ ವರ್ಷ ಒಂದೇ ತಕ್ಕಡಿ ಹಿಡಿಯಬೇಕು.

ಈಗ ಫಾರ್ಮ್ ತುಂಬುವ ವಿಷಯಕ್ಕೆ ಬರೋಣ. ಬಹಳ ಜನ ಮಾಡುವುದು ಏನೆಂದರೆ, ವರ್ಷ ಮುಗಿದ ಮೇಲೆ ಟಾರ್ಗೆಟ್ಟನ್ನೇ ಇಳಿಸಿ, 4 ಕೋಟಿ 80 ಇದ್ದಲ್ಲಿ 3 ಕೋಟಿ 40 ಅಂತ ತಿದ್ದಿ, ಶೇಕಡಾ 99 ತೋರಿಸುವುದು. ಹುಡುಗನ ಮೇಲಿನ ಪ್ರೀತಿಯಿಂದಲೇ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಒಮ್ಮೆ ಹಾಗೆ ಮಾಡಿದರೆ ಮುಂದಿನ ಫೆಬ್ರವರಿಯಿಂದ ನಿಮ್ಮ ತಂಡದ ಎಲ್ಲರೂ ಮಾರಾಟ ಬಿಟ್ಟು ಟಾರ್ಗೆಟ್ ಇಳಿಸಿಕೊಳ್ಳುವ ಮಾತಿಗೇ ಕೂರುತ್ತಾರೆ. ಮೂಲ ಅಂಕಿ ಇದ್ದ ಹಾಗೇ ಇರಲಿ, 70 ಅಂತಲೇ ಇರಲಿ. ಅದರ ಕೆಳಗೆ ನಿಮ್ಮ ಲೆಕ್ಕವನ್ನು ಬರೆಯಿರಿ. ನಾನಾದರೆ ಹೀಗೆ ಬರೆಯುತ್ತೇನೆ:

“ಟಾರ್ಗೆಟ್‌ನ ಶೇ. 70. ಬೇಸಿಗೆ ಭತ್ತಕ್ಕೆ ಕಾಲುವೆ ನೀರು ಬರಲಿಲ್ಲ. ಬಿತ್ತನೆ ಲೆಕ್ಕ ಮತ್ತು 10 ಡೀಲರ್‌ಗಳ ಖರೀದಿ ನೋಡಿದರೆ ಟೆರಿಟರಿಯ ಮಾರುಕಟ್ಟೆ 40 ಕೋಟಿಯಿಂದ 25–29 ಕೋಟಿಗೆ ಇಳಿದಿದೆ. ಆ ಮಾರುಕಟ್ಟೆಯಲ್ಲಿ ಪಾಲನ್ನು ಹೆಚ್ಚುಕಡಿಮೆ ಉಳಿಸಿಕೊಂಡಿದ್ದಾರೆ. ಏಪ್ರಿಲ್‌ನಲ್ಲಿ ಐದು ಗೋಡೌನ್ ನಾನೇ ನೋಡಿದ್ದೇನೆ, ಮಾರ್ಚ್‌ನ ಮಾಲು ತುಂಬಿಲ್ಲ. ಹಳೆ ಬಾಕಿ ಬೆಳೆದಿಲ್ಲ. ಸೆಪ್ಟೆಂಬರ್‌ನಲ್ಲೇ ಎಚ್ಚರಿಸಿದ್ದರು. ಕಡಲೆಗೆ ಮಾಲು ಇಡುವುದು ಮೂರು ವಾರ ತಡವಾಯಿತು, ಅದು ತಪ್ಪಿಸಬಹುದಾಗಿತ್ತು.”

ಇಷ್ಟೇ. ಇದರಲ್ಲಿ ‘ಶ್ರಮಜೀವಿ’, ‘ಪ್ರಾಮಾಣಿಕ’ ಅನ್ನುವ ಒಂದು ಪದವೂ ಇಲ್ಲ. ರೇಟಿಂಗ್ ಸರಿದೂಗಿಸುವ ಮೀಟಿಂಗಿನಲ್ಲಿ ನೀವು ಕೂತಾಗ, ಇಷ್ಟು ಜನಕ್ಕೆ ಮಾತ್ರ ಒಳ್ಳೆಯ ರೇಟಿಂಗ್ ಅಂತ ಮೇಲಿನವರು ಹೇಳಿದಾಗ, ಹೊಗಳಿಕೆಯ ಮಾತು ನಿಲ್ಲುವುದಿಲ್ಲ. ಈ ಸಾಲುಗಳು ನಿಲ್ಲುತ್ತವೆ. ಐದರಲ್ಲಿ ಕೊಡುವುದಾದರೆ ನಾನು ಇವನಿಗೆ 4 ಕೊಡುತ್ತೇನೆ. ಕಡಲೆಯ ಮೂರು ವಾರ ಇಲ್ಲದಿದ್ದರೆ 5ರ ಬಗ್ಗೆ ಯೋಚಿಸುತ್ತಿದ್ದೆ.

ಹಣದ ಮಾತನ್ನು ಇದರ ಜೊತೆ ಬೆರೆಸಬೇಡಿ. ವರ್ಷದ ಇನ್ಸೆಂಟಿವ್ ಸ್ಕೀಮಿನಲ್ಲಿ ಶೇಕಡಾ 85ರ ಕೆಳಗೆ ಏನೂ ಇಲ್ಲ ಅಂತ ಮೊದಲೇ ಬರೆದಿದ್ದರೆ ಏನೂ ಇಲ್ಲ. ಬರದ ವರ್ಷ ಕಂಪನಿಯ ಕೈಗೂ ದುಡ್ಡು ಬಂದಿರುವುದಿಲ್ಲ. ರೇಟಿಂಗ್ ಬೇರೆ, ಅದು ಅವನ ಕೆಲಸದ ಬಗ್ಗೆ ಕಂಪನಿಯ ತೀರ್ಮಾನ, ಮುಂದಿನ ಸಂಬಳ, ಬಡ್ತಿ ಅದರ ಮೇಲೆ ನಿಂತಿವೆ. ಇದನ್ನು ಹುಡುಗನಿಗೆ ಮುಖ ನೋಡಿ ಹೇಳಿ. “ನೋಡಪ್ಪಾ, ಇನ್ಸೆಂಟಿವ್ ಈ ಸಲ ಬರುವುದಿಲ್ಲ, ಅದು ಸ್ಕೀಮಿನ ಲೆಕ್ಕ. ನಿನ್ನ ಕೆಲಸದ ಬಗ್ಗೆ ನಾನು ಬರೆದಿರುವುದು ಇದು, ಓದು” ಅಂತ ಕಾಗದ ಕೊಡಿ. ಅವನು ಅದನ್ನು ಓದುವಾಗ ನೀವು ಫೋನ್ ನೋಡಬೇಡಿ.

ಇಷ್ಟು ಕಟ್ಟುನಿಟ್ಟಾಗಿ ಯಾಕೆ ಹೇಳುತ್ತೇನೆ ಅಂದರೆ, ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. 2016ರಲ್ಲಿಯೂ ರಾಜ್ಯದಲ್ಲಿ ದೊಡ್ಡ ಬರ. ಆಗ ನನ್ನ ಕೈಕೆಳಗೆ ಒಣಬೇಸಾಯದ ಟೆರಿಟರಿಯಲ್ಲಿ ಒಬ್ಬ ಇದ್ದ. ಶೇಕಡಾ 60ರ ಹತ್ತಿರ ಮಾಡಿದ್ದ. ನಾನು ಮೇಲಿನವರ ಮುಂದೆ ಒಂದು ಮಾತೂ ಆಡದೆ 2 ಅಂತ ಹಾಕಿದೆ. ಅವನು ಜಗಳ ಆಡಲಿಲ್ಲ. “ಆಯ್ತು ಸರ್” ಅಂದು ಸಹಿ ಹಾಕಿ ಹೋದ, ಎರಡು ತಿಂಗಳಿಗೆ ಬೇರೆ ಕಂಪನಿ ಸೇರಿದ. ಅವನು ಹೋದ ಮೇಲೆ ಆ ಟೆರಿಟರಿ ನಾನೇ ಸುತ್ತಿದೆ. ಒಂದು ಗೋಡೌನಿನಲ್ಲೂ ನಮ್ಮ ಹಳೆ ಮಾಲು ಇರಲಿಲ್ಲ, ಬಾಕಿ ಸೊನ್ನೆಗೆ ಹತ್ತಿರ. ಮಾಡಬೇಕಾದ ಕೆಲಸವನ್ನೆಲ್ಲ ಮಾಡಿದ್ದ. ನಾನು ಹೋಗಿ ನೋಡಿದ್ದು ಮೂರು ತಿಂಗಳು ತಡವಾಗಿ. ಮುಂದಿನ ವರ್ಷ ಆ ಡೀಲರ್‌ಗಳಲ್ಲಿ ಅರ್ಧ ಜನ ಅವನ ಹೊಸ ಕಂಪನಿಯ ಮಾಲು ಇಟ್ಟರು.

ಕೊನೆಗೆ ಮುಂದಿನ ವರ್ಷದ ಟಾರ್ಗೆಟ್. 3 ಕೋಟಿ 38 ಲಕ್ಷದ ಮೇಲೆ ಶೇಕಡಾ 10 ಸೇರಿಸಿದರೆ, ನೀರು ಬಂದರೆ ಅವನಿಗೆ ಪುಕ್ಕಟೆ ಗೆಲುವು. 4 ಕೋಟಿ 80 ಲಕ್ಷದ ಮೇಲೆ ಸೇರಿಸಿದರೆ, ನೀರು ಬರದಿದ್ದರೆ ಮತ್ತೆ ಇದೇ ಕತೆ. ಟಾರ್ಗೆಟ್ ಪತ್ರದಲ್ಲೇ ಊಹೆಯನ್ನು ಬರೆಯಿರಿ. ‘ಎರಡೂ ಬೆಳೆಗೆ ನೀರು ಬಂದರೆ ಮಾರುಕಟ್ಟೆ 40 ಕೋಟಿ, ಒಂದೇ ಬೆಳೆಗೆ ಬಂದರೆ 27 ಕೋಟಿ, ಪಾಲು ಎರಡರಲ್ಲೂ ಶೇಕಡಾ 13. ಅಕ್ಟೋಬರ್‌ನಲ್ಲಿ ಕೂತು ಯಾವುದು ಅಂತ ತೀರ್ಮಾನಿಸೋಣ’ ಅಂತ ಎರಡು ಸಾಲು ಸಾಕು, ಇಬ್ಬರೂ ಸಹಿ ಹಾಕಿ. 2024ರಲ್ಲಿ ಏನಾಯಿತು ನೋಡಿ. ಮಳೆ ಚೆನ್ನಾಗಿ ಬಂದು ಡ್ಯಾಂ ತುಂಬಿತು. ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು, ನೀರು ನದಿಗೆ ಹರಿಯಿತು. ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಕೂರಿಸಿದರು, ಮತ್ತೆ ಮಳೆ ಬಂದು ಡ್ಯಾಂ ತುಂಬಿತು. ಆ ಒಂದು ತಿಂಗಳಲ್ಲಿ ಎರಡನೇ ಬೆಳೆಯ ಲೆಕ್ಕ ಮೂರು ಸಲ ಬದಲಾಯಿತು. ಊಹೆಯನ್ನು ಏಪ್ರಿಲ್‌ನಲ್ಲೇ ಬರೆದಿಟ್ಟುಕೊಂಡವರು ಅಕ್ಟೋಬರ್‌ನಲ್ಲಿ ಆ ಕಾಗದ ತೆಗೆದು, ಯಾವ ಸಾಲು ಅಂತ ಗುರುತು ಹಾಕಿದರೆ ಸಾಕಾಗಿತ್ತು.